ಮೊದಲ ಹೆಸರು ಯಾರದು?

ಮುಂಬಯಿಯ ಉಪನಗರದ ಕಾಲೇಜೊಂದರಲ್ಲಿ ಎಂ.ಎಸ್ಸಿ. ಓದುವ ಹುಡುಗಿಯೊಬ್ಬಳು ಠಾಣೆ ಖಾಡಿಯ ಆರು ಕಡೆಗಳಿಂದ ವರ್ಷದಲ್ಲಿ ನಾಲ್ಕು ಬಾರಿ ಕೆಸರು ತಂದು, ಅದರಲ್ಲಿನ ಸೀಸದ ಪ್ರಮಾಣವನ್ನು ಅಳೆದು ಪ್ರಬಂಧ ಬರೆದಳು ಎಂದಿಟ್ಟುಕೊಳ್ಳಿ. ಪದವಿ ಮುಗಿಸಿ ಕೆಲಸಕ್ಕೆ ಸೇರಿದಳು. ಮರುವರ್ಷ ಅವಳ ಮಾರ್ಗದರ್ಶಕರು ಆ ಪ್ರಬಂಧವನ್ನು ಹನ್ನೆರಡು ಪುಟಕ್ಕೆ ಇಳಿಸಿ ಜರ್ನಲಿಗೆ ಕಳಿಸಲು ಕೂತರು. ವಿಷಯ ಸೂಚಿಸಿದ್ದು ತಾವು, ಈಗ ಬರೆಯುತ್ತಿರುವುದೂ ತಾವು, ಬಡ್ತಿಗೆ ಅಂಕ ಬೇಕಾಗಿರುವುದೂ ತಮಗೇ. ಹಾಗಾಗಿ ಮೊದಲ ಹೆಸರು ತಮ್ಮದೇ ಎಂಬುದು ಅವರ ಲೆಕ್ಕ.

ಈ ಲೆಕ್ಕದ ಕೊನೆಯ ಸಾಲಂತೂ ತಪ್ಪು. ಯುಜಿಸಿಯ 2018ರ ನಿಯಮದಂತೆ ವಿಜ್ಞಾನದ ಒಂದು ಲೇಖನಕ್ಕೆ ಮೂಲ ಅಂಕ 8. ಇಬ್ಬರೇ ಲೇಖಕರಿದ್ದರೆ ಯಾರ ಹೆಸರು ಮೊದಲಿದ್ದರೂ ಇಬ್ಬರಿಗೂ ಶೇ. 70, ಅಂದರೆ ತಲಾ 5.6 ಅಂಕ. ಹುಡುಗಿಯ ಹೆಸರನ್ನು ಮುಂದೆ ಹಾಕಿದರೆ ಮಾರ್ಗದರ್ಶಕರು ಕಳೆದುಕೊಳ್ಳುವುದು ಸೊನ್ನೆ. ಮುಂದೆ ಪಿಎಚ್.ಡಿ.ಗೆ ಅರ್ಜಿ ಹಾಕುವ ಅವಳಿಗೆ ಮಾತ್ರ ಆ ಒಂದು ಸ್ಥಾನದಿಂದ ಬಹಳ ವ್ಯತ್ಯಾಸವಾಗುತ್ತದೆ.

ಇದೇ ನಿಯಮಕ್ಕೆ ಇನ್ನೊಂದು ಮುಖವೂ ಇದೆ. ಲೇಖಕರು ಇಬ್ಬರಿಗಿಂತ ಹೆಚ್ಚಾದರೆ ಪ್ರಧಾನ ಲೇಖಕರಿಗೆ ಅದೇ ಶೇ. 70 ಉಳಿಯುತ್ತದೆ, ಸೇರಿಕೊಂಡವರಿಗೆ ಶೇ. 30 ಸಿಗುತ್ತದೆ. ಹೀಗಾಗಿ ವಿಭಾಗದ ಮುಖ್ಯಸ್ಥರ ಹೆಸರನ್ನು ಸೇರಿಸಿದರೆ ಅವರಿಗೆ 2.4 ಅಂಕ ಬರುತ್ತದೆ, ಪ್ರಧಾನ ಲೇಖಕರ ಅಂಕ ಕರಗುವುದಿಲ್ಲ. ಹೆಸರಿನ ದಾನ ಇಷ್ಟು ಸಲೀಸಾಗಿರುವುದಕ್ಕೆ ಇದೂ ಒಂದು ಕಾರಣ. ಆದರೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಮಾನದಂಡದಂತೆ ಹಣ ಒದಗಿಸಿದ್ದು, ವಿಭಾಗದ ಮೇಲ್ವಿಚಾರಣೆ ಮಾಡಿದ್ದು ಮಾತ್ರಕ್ಕೆ ಯಾರೂ ಲೇಖಕರಾಗುವುದಿಲ್ಲ. ಅವರ ಜಾಗ ಕೃತಜ್ಞತೆಯ ಸಾಲಿನಲ್ಲಿ.

ಮಾರ್ಗದರ್ಶಕರ ಬರವಣಿಗೆಗೆ ಬೆಲೆ ಇಲ್ಲವೇ? ಖಂಡಿತ ಇದೆ. ಅದನ್ನು ತೂಗಲು ಸರಳವಾದ ದಾರಿಯೊಂದಿದೆ: ಪ್ರಬಂಧದಿಂದ ಬಂದ ಕೋಷ್ಟಕಗಳನ್ನೆಲ್ಲ ಲೇಖನದಿಂದ ತೆಗೆದುಹಾಕಿ ನೋಡಬೇಕು. ಆಮೇಲೆ ಏನೂ ಉಳಿಯದಿದ್ದರೆ ಮೊದಲ ಹೆಸರು ವಿದ್ಯಾರ್ಥಿನಿಯದು. ಮಾರ್ಗದರ್ಶಕರೇ ಖಾಡಿಗೆ ಮತ್ತೆ ಹೋಗಿ ಹೊಸ ಮಾದರಿ ತಂದು, ಬೇರೆಯೇ ಪ್ರಶ್ನೆ ಕೇಳಿ ಉತ್ತರ ಹುಡುಕಿದ್ದರೆ ಕ್ರಮ ಬದಲಾಗಬಹುದು. ಅಮೆರಿಕದ ಮನೋವಿಜ್ಞಾನ ಸಂಘದ ನೀತಿಸಂಹಿತೆಯೂ ಡಾಕ್ಟರೇಟ್ ಪ್ರಬಂಧವನ್ನು ಬಹುಮಟ್ಟಿಗೆ ಆಧರಿಸಿದ ಲೇಖನದಲ್ಲಿ, ವಿಶೇಷ ಸಂದರ್ಭಗಳ ಹೊರತು, ವಿದ್ಯಾರ್ಥಿಯೇ ಪ್ರಧಾನ ಲೇಖಕ ಎನ್ನುತ್ತದೆ. ಎಲ್ಲ ಶಾಸ್ತ್ರಗಳಿಗೂ ಇದು ಹೊಂದುವುದಿಲ್ಲ. ಗಣಿತದಲ್ಲಿ ಹೆಸರುಗಳು ಅಕಾರಾದಿಯಾಗಿ ಬರುತ್ತವೆ, ಅಲ್ಲಿ ಕ್ರಮದಿಂದ ಯಾರ ಪಾಲೂ ತಿಳಿಯದು.

ಜಗಳ ಹುಟ್ಟಿದ ಮೇಲೆ ಜರ್ನಲ್ ತೀರ್ಪು ಕೊಡುವುದಿಲ್ಲ, ವಿಷಯವನ್ನು ಸಂಸ್ಥೆಗೆ ಒಪ್ಪಿಸುತ್ತದೆ. ಅಲ್ಲಿ ಕೂರುವವರು ಮಾರ್ಗದರ್ಶಕರ ಸಹೋದ್ಯೋಗಿಗಳೇ. ಆದ್ದರಿಂದ ಮಾತು ಎರಡು ಬಾರಿ ಇಮೇಲ್‌ನಲ್ಲಿ ದಾಖಲಾಗಬೇಕು: ಪ್ರಬಂಧದ ಕೆಲಸ ಶುರುವಾಗುವಾಗ ಒಮ್ಮೆ, ಲೇಖನದ ಮೊದಲ ಕರಡು ಸಿದ್ಧವಾದಾಗ ಇನ್ನೊಮ್ಮೆ. ಹುಡುಗಿ ಕಾಲೇಜಿನದಲ್ಲದ ತನ್ನ ಸ್ವಂತ ವಿಳಾಸ ಕೊಟ್ಟಿರಬೇಕು. ಕೊನೆಯ ಕರಡಿಗೆ ಪ್ರತಿಯೊಬ್ಬ ಲೇಖಕರ ಒಪ್ಪಿಗೆಯೂ ಬೇಕು. "ಅವಳು ಫೋನಿಗೆ ಸಿಗಲಿಲ್ಲ" ಎನ್ನುವುದು ಅವಳ ಹೆಸರು ಬಿಡಲು ಕಾರಣವಾಗದು.