ಟ್ಯಾಂಕಿನಲ್ಲಿ ನೀರಿದ್ದರೂ ನಳದಲ್ಲಿ ಏಕೆ ಬರುವುದಿಲ್ಲ?

ಬೇಸಿಗೆಯಲ್ಲಿ ಕರೆಂಟು ಹೋಗಿ ಮೋಟಾರು ನಿಂತು, ಮಾಳಿಗೆಯ ಮೇಲಿನ ಟ್ಯಾಂಕು ಪೂರ್ತಿ ಖಾಲಿಯಾಗುತ್ತದೆ. ಕರೆಂಟು ಬಂದ ಮೇಲೆ ಅರ್ಧ ಟ್ಯಾಂಕು ತುಂಬಿಸುತ್ತೇವೆ. ಆದರೆ ಬಚ್ಚಲಿನ ನಳ ತಿರುಗಿಸಿದರೆ ಸ್ವಲ್ಪ ಗುಳುಗುಳು ಸದ್ದು, ನಾಲ್ಕು ಹನಿ, ಆಮೇಲೆ ಏನೂ ಇಲ್ಲ. ‘ಪೈಪಿನಲ್ಲಿ ಗಾಳಿ ಹಿಡಿದಿದೆ’ ಎನ್ನುತ್ತಾರೆ ಮನೆಯವರು. ಮಾತು ಸರಿಯೇ. ಆದರೆ ಹಗುರವಾದ ಗಾಳಿ ಭಾರವಾದ ನೀರನ್ನು ತಡೆಯುವುದು ಹೇಗೆ?

ರಾಯಚೂರು ಜಿಲ್ಲೆಯ ಅರಕೇರಾದಂಥ ಊರಿನ ಒಂದಂತಸ್ತಿನ ಮನೆಯನ್ನು ಊಹಿಸಿಕೊಳ್ಳೋಣ. ಟ್ಯಾಂಕಿನಿಂದ ಹೊರಟ ಪಿವಿಸಿ ಪೈಪು ಮಾಳಿಗೆಯ ಮೇಲೆ ಸಾಗಿ, ಅಂಚಿನ ಕಟ್ಟೆ ಹತ್ತಿ, ಗೋಡೆಗುಂಟ ಕೆಳಗಿಳಿದು ನಳ ಸೇರುತ್ತದೆ. ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಪಿವಿಸಿ ಬಿಸಿಯಾದರೆ ಉದ್ದವಾಗುತ್ತದೆ: 6 ಮೀಟರ್ ಪೈಪು 30 ಡಿಗ್ರಿ ಹೆಚ್ಚು ಕಾದರೆ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ. ಎರಡೂ ತುದಿ ಬಿಗಿಯಾಗಿದ್ದರೆ ಅಷ್ಟು ಸಾಕು, ನಡುವೆ ಪೈಪು ಗೇಣುದ್ದ ಬಾಗಬಲ್ಲದು. ಮೇಲಕ್ಕೆ ಬಾಗಿದ ಕಡೆ ಒಂದು ಉಬ್ಬು, ಅದರ ಮುಂದೆ ಒಂದು ತಗ್ಗು.

ಟ್ಯಾಂಕು ಖಾಲಿಯಾದಾಗ ತಗ್ಗುಗಳಲ್ಲಿ ನೀರು ಉಳಿಯುತ್ತದೆ, ಉಬ್ಬುಗಳಲ್ಲಿ ಗಾಳಿ ತುಂಬುತ್ತದೆ. ಮತ್ತೆ ಬಂದ ನೀರಿಗೂ ತಗ್ಗಿನ ನೀರಿಗೂ ನಡುವೆ ಆ ಗಾಳಿ ಸಿಕ್ಕಿಬೀಳುತ್ತದೆ. ಗಾಳಿ ಮೇಲಕ್ಕೇ ಹೋಗಬಯಸುವುದರಿಂದ ನಿಧಾನವಾಗಿ ಬರುವ ನೀರಿಗೆ ಅದನ್ನು ಕೆಳಗೆ ತಳ್ಳಲು ಆಗುವುದಿಲ್ಲ.

ಈಗ ಲೆಕ್ಕ ನೋಡೋಣ. ಟ್ಯಾಂಕಿನ ನೀರಿನ ಮಟ್ಟ ಮಾಳಿಗೆಯ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ, ದಾರಿಯಲ್ಲಿ 20 ಸೆಂ.ಮೀ. ಎತ್ತರದ ಎರಡು ಉಬ್ಬುಗಳಿವೆ, ಅಂಚಿನ ಕಟ್ಟೆ 15 ಸೆಂ.ಮೀ. ಎತ್ತರವಿದೆ ಎಂದುಕೊಳ್ಳಿ. ಪೈಪು ಪೂರ್ತಿ ನೀರಿನಿಂದ ತುಂಬಿದ್ದರೆ, ಉಬ್ಬು ಹತ್ತಲು ಕಳೆದುಕೊಂಡ ಬಲ ಇಳಿಯುವಾಗ ಮರಳಿ ಸಿಗುತ್ತದೆ. ನೀರು ಸರಾಗವಾಗಿ ಹರಿಯುತ್ತದೆ. ಇಳಿಜಾರಿನಲ್ಲಿ ಗಾಳಿಯಿದ್ದರೆ ಹಾಗಾಗದು. ಗಾಳಿಗೆ ತೂಕ ತೀರಾ ಕಡಿಮೆ, ಆದ್ದರಿಂದ ಇಳಿದರೂ ಬಲ ಮರಳುವುದಿಲ್ಲ. ಮೊದಲ ಉಬ್ಬಿನಲ್ಲಿ 20 ಹೋಗಿ 25 ಉಳಿಯಿತು, ಎರಡನೆಯದರಲ್ಲಿ ಇನ್ನೂ 20 ಹೋಗಿ 5 ಉಳಿಯಿತು. ಕಟ್ಟೆ ಹತ್ತಲು 15 ಬೇಕು. ನೀರು ಅಲ್ಲಿಯೇ ನಿಂತಿತು.

ನಳ ಮಾಳಿಗೆಗಿಂತ ಎರಡು ಮೀಟರ್ ಕೆಳಗಿದೆಯಲ್ಲ, ಆ ಇಳಿತದ ಸೆಳೆತ ಎಲ್ಲಿ ಹೋಯಿತು ಎಂದು ಕೇಳಬಹುದು. ಗೋಡೆಯ ಪೈಪಿನಲ್ಲಿ ನೀರು ತುಂಬಿಕೊಂಡಿದ್ದರೆ ಮಾತ್ರ ಆ ಸೆಳೆತ ಕೆಲಸಕ್ಕೆ ಬರುತ್ತದೆ. ಅಲ್ಲಿಯೂ ಗಾಳಿಯೇ ಇದ್ದರೆ ಅದು ಇಲ್ಲದಂತೆಯೇ.

ಪರಿಹಾರವೂ ಈ ಲೆಕ್ಕದಲ್ಲಿಯೇ ಇದೆ. ನಮ್ಮ ಉದಾಹರಣೆಯಲ್ಲಿ 20, 20 ಮತ್ತು 15 ಸೇರಿ 55 ಆಗುತ್ತದೆ. ಟ್ಯಾಂಕಿನ ಮಟ್ಟ ಅದನ್ನು ದಾಟಿದರೆ ನೀರು ಸಣ್ಣಗೆ ಹರಿಯತೊಡಗುತ್ತದೆ, ಮಟ್ಟ ಏರಿದಂತೆ ವೇಗ ಹೆಚ್ಚಿ ಗಾಳಿಯನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಮೊದಲು ವಾಲ್ವು ತೆರೆದಿದೆಯೇ ನೋಡಿ, ಎಲ್ಲಕ್ಕಿಂತ ಕೆಳಗಿನ ನಳವನ್ನು ಪೂರ್ತಿ ತಿರುಗಿಸಿಟ್ಟು, ಟ್ಯಾಂಕು ತುಂಬಿಸಿ. ನಳ ಉಗುಳಿ ಉಗುಳಿ ನೀರು ಬಿಟ್ಟರೆ ಗಾಳಿ ಹೊರಡುತ್ತಿದೆ ಎಂದು ಅರ್ಥ. ತುಂಬಿದ ಟ್ಯಾಂಕಿನಲ್ಲೂ ದಿನದಿಂದ ದಿನಕ್ಕೆ ಧಾರೆ ಸಣ್ಣದಾಗುತ್ತ ಬಂದಿದ್ದರೆ ಅದು ಗಾಳಿಯಲ್ಲ, ಹೂಳು ಅಥವಾ ಉಪ್ಪು ಕಟ್ಟಿರಬಹುದು.

ಇದಕ್ಕೂ ಜಗ್ಗದಿದ್ದರೆ ಹಿಮ್ಮುಖವಾಗಿ ನೀರು ತಳ್ಳಬೇಕು. ಒತ್ತಡವಿರುವ ಇನ್ನೊಂದು ನಳದಿಂದ ರಬ್ಬರ್ ಪೈಪು ತಂದು ನಿಂತ ನಳಕ್ಕೆ ಬಿಗಿದು, ಎರಡನ್ನೂ ತೆರೆದು, ಉಳಿದ ನಳಗಳನ್ನು ಮುಚ್ಚಿ ಒಂದೆರಡು ನಿಮಿಷ ನೀರು ಬಿಡಿ. ಟ್ಯಾಂಕಿನಲ್ಲಿ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತ ಮೇಲೆ ಎರಡೂ ನಳ ಮುಚ್ಚಿ ರಬ್ಬರ್ ಪೈಪನ್ನು ಕೂಡಲೇ ಬಿಚ್ಚಿ. ಬಿಡದಿದ್ದರೆ, ಊರಿನ ನೀರಿನ ಒತ್ತಡ ಇಳಿದಾಗ ನಿಮ್ಮ ಟ್ಯಾಂಕಿನ ನೀರು ಸಾರ್ವಜನಿಕ ಪೈಪಿಗೆ ಸೇರಬಹುದು. ಮೋಟಾರನ್ನು ನೇರವಾಗಿ ಜೋಡಿಸಬೇಡಿ, ಜೋಡಣೆಗಳು ಬಿಚ್ಚಿಕೊಂಡಾವು. ಬಾಯಿಂದ ಹೀರುವುದೂ ಬೇಡ: ನಿಂತ ನೀರು ಹೊಟ್ಟೆಗೆ ಹೋಗುತ್ತದೆ. ಪೈಪನ್ನು ಬಡಿಯುವುದರಿಂದ ಪ್ರಯೋಜನವಿಲ್ಲ, ಸೈಕಲ್ ಪಂಪಿನಿಂದ ಊದಿದರೆ ಗಾಳಿಯೇ ಹೆಚ್ಚಾಗುತ್ತದೆ.

ಪ್ರತಿ ಸಲ ಹೀಗಾಗುತ್ತಿದ್ದರೆ ಪೈಪಿನ ದಾರಿಯನ್ನೇ ಸರಿಪಡಿಸಬೇಕು. ಕಟ್ಟೆಯ ಮೇಲೆ ಹಾಯಿಸುವ ಬದಲು ಅದರ ಬುಡದಲ್ಲಿ ತೂತು ಕೊರೆದು, ಟ್ಯಾಂಕಿನಿಂದ ನಳದವರೆಗೆ ಎಲ್ಲಿಯೂ ಮತ್ತೆ ಏರದಂತೆ ಇಳಿಜಾರು ಕೊಡಿ. ಹಿಗ್ಗಲು ಜಾಗ ಬಿಟ್ಟು, ಅಲ್ಲಲ್ಲಿ ಕ್ಲಾಂಪು ಹಾಕಿ. ಏರು ತಪ್ಪಿಸಲಾಗದ ಕಡೆ ಅದರ ನೆತ್ತಿಗೆ ಟಿ ಜೋಡಿಸಿ ಗಾಳಿ ಕೊಳವೆ ನಿಲ್ಲಿಸಿ. ಅದರ ತೆರೆದ ಬಾಯಿ ತುಂಬಿದ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಿರಲೇಬೇಕು, ಇಲ್ಲದಿದ್ದರೆ ಅಲ್ಲಿಂದಲೇ ನೀರು ಸುರಿಯುತ್ತದೆ. ಇಷ್ಟು ಖರ್ಚು ಈಗ ಬೇಡವೆಂದರೆ ಒಂದು ರೂಢಿ ಸಾಕು: ಟ್ಯಾಂಕಿನ ತಳ ಕಾಣುವ ಮೊದಲೇ ಅದರ ಹೊರವಾಲ್ವು ಮುಚ್ಚಿಬಿಡಿ. ಪೈಪಿನಲ್ಲಿ ನೀರು ಉಳಿದರೆ ಗಾಳಿಗೆ ಜಾಗವೇ ಇರುವುದಿಲ್ಲ.