ಅಣೆಕಟ್ಟಿನ ಬುಡದಲ್ಲಿ ಕುದಿಯುವ ಬಿಳಿ ನೀರು: ಅದು ಅಪಾಯದ ಸೂಚನೆಯೇ?

ಮಳೆಗಾಲದಲ್ಲಿ ಜಲಾಶಯ ತುಂಬಿ ಗೇಟು ತೆರೆದರೆ ಸಾಕು, ವಾಟ್ಸಾಪ್‌ನಲ್ಲಿ ವಿಡಿಯೋಗಳು ಓಡಾಡಲು ಶುರುವಾಗುತ್ತವೆ. ಅಣೆಕಟ್ಟಿನ ಬುಡದಲ್ಲಿ ನೀರು ನೊರೆಯೆದ್ದು ಕುದಿಯುತ್ತಿರುತ್ತದೆ, ಜೊತೆಗೆ 'ಡ್ಯಾಂ ತಳ ಕಿತ್ತು ಹೋಗುತ್ತಿದೆ, ಎಲ್ಲರಿಗೂ ತಿಳಿಸಿ' ಎಂಬ ಸಾಲು. ನೀರು ಅಲ್ಲಿ ಹೀಗೆ ಕುದಿಯುವುದು ಏಕೆ ಎಂದು ನೋಡೋಣ.

ಒಂದು ಲೆಕ್ಕದಿಂದ ಆರಂಭಿಸೋಣ. ನೀರು 30 ಮೀಟರ್ ಎತ್ತರದಿಂದ ಕೋಡಿಯ ಇಳಿಜಾರಿನಲ್ಲಿ ಜಾರಿ ಬರುತ್ತಿದೆ ಎಂದುಕೊಳ್ಳಿ. ಘರ್ಷಣೆಯನ್ನು ಬಿಟ್ಟರೆ, ಬುಡ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು 24 ಮೀಟರ್, ಅಂದರೆ ಗಂಟೆಗೆ 87 ಕಿಲೋಮೀಟರ್. ಆಗ ಅದು ಒಂದೇ ಮೀಟರ್ ದಪ್ಪದ ಹಾಳೆಯಂತಿರುತ್ತದೆ. ಇದೇ ವೇಗದಲ್ಲಿ ನದಿಗೆ ಬಿಟ್ಟರೆ ಮಣ್ಣು, ಬಂಡೆಗಳನ್ನು ಕಿತ್ತು ಗುಂಡಿ ತೋಡುತ್ತದೆ. ಆ ಗುಂಡಿ ಹಿಂದಕ್ಕೆ ಬೆಳೆದರೆ ಅಣೆಕಟ್ಟಿನ ಅಡಿಪಾಯಕ್ಕೇ ಕುತ್ತು.

ಆದ್ದರಿಂದ ಎಂಜಿನಿಯರ್‌ಗಳು ಬುಡದಲ್ಲಿ ಕಾಂಕ್ರೀಟಿನ ದೊಡ್ಡ ತೊಟ್ಟಿಯೊಂದನ್ನು ಕಟ್ಟುತ್ತಾರೆ. ಇದೇ ಸ್ಟಿಲ್ಲಿಂಗ್ ಬೇಸಿನ್. ವೇಗದ ತೆಳು ನೀರು ಇಲ್ಲಿನ ಆಳವಾದ ನಿಧಾನ ನೀರಿಗೆ ಬಡಿದಾಗ ಥಟ್ಟನೆ ಮೇಲಕ್ಕೆದ್ದು ನಿಲ್ಲುತ್ತದೆ. ಇದಕ್ಕೆ ಹೈಡ್ರಾಲಿಕ್ ಜಂಪ್ ಎಂದು ಹೆಸರು. ಅಡುಗೆಮನೆ ಸಿಂಕಿನಲ್ಲಿ ಇದರ ಪುಟ್ಟ ರೂಪ ಕಾಣುತ್ತದೆ: ನಲ್ಲಿ ನೀರು ಬಿದ್ದ ಜಾಗದ ಸುತ್ತ ತೆಳುವಾಗಿ ಹರಡಿ, ಸ್ವಲ್ಪ ದೂರದಲ್ಲಿ ಒಂದು ಉಂಗುರದಂತೆ ದಪ್ಪವಾಗುತ್ತದೆ.

ನಮ್ಮ ಲೆಕ್ಕದಲ್ಲಿ ಒಂದು ಮೀಟರ್ ನೀರು ಜಂಪ್ ಆದ ಮೇಲೆ ಸುಮಾರು ಹತ್ತೂವರೆ ಮೀಟರ್ ಆಳವಾಗುತ್ತದೆ. ವೇಗ ಗಂಟೆಗೆ ಎಂಟು ಕಿಲೋಮೀಟರ್ ಆಸುಪಾಸಿಗೆ ಇಳಿಯುತ್ತದೆ. ನೀರಿನ ಶಕ್ತಿಯಲ್ಲಿ ಮೂರನೇ ಎರಡರಷ್ಟು ಆ ಸುಳಿ, ನೊರೆಗಳಲ್ಲೇ ಕರಗಿಹೋಗುತ್ತದೆ. ಕೊನೆಗೆ ಅದು ಶಾಖವಾದರೂ ಕೈಗೆ ತಿಳಿಯುವುದಿಲ್ಲ, ಏಕೆಂದರೆ ನೀರು ಬಿಸಿಯಾಗುವುದು ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟು ಮಾತ್ರ. ಅಂದರೆ ವಿಡಿಯೋದಲ್ಲಿ ಕಾಣುವ ಆ ಕುದಿತವೇ ಅಣೆಕಟ್ಟನ್ನು ಕಾಪಾಡುವ ಕೆಲಸ ಮಾಡುತ್ತಿರುತ್ತದೆ.

ಆದರೆ ಈ ಜಂಪ್ ತೊಟ್ಟಿಯೊಳಗೇ ಆಗಬೇಕು. ಅದಕ್ಕೆ ಕೆಳಗಿನ ನದಿಯ ನೀರೂ ಸರಿಯಾದ ಮಟ್ಟದಲ್ಲಿರಬೇಕು. ಹತ್ತೂವರೆ ಮೀಟರ್ ಬೇಕಾದಲ್ಲಿ ಏಳೇ ಮೀಟರ್ ಇದ್ದರೆ, ಜಂಪ್ ಜಾರಿಕೊಂಡು ತೊಟ್ಟಿಯ ಆಚೆಗೆ, ಬರಿಯ ನದಿ ತಳದ ಮೇಲೆ ಹೋಗಿ ನಿಲ್ಲುತ್ತದೆ. ನೀರು ಅತಿ ಹೆಚ್ಚಿದ್ದರೂ ಕಷ್ಟವೇ: ಮೇಲೆ ಶಾಂತವಾಗಿ ಕಂಡರೂ ವೇಗದ ಹರಿವು ತಳದಲ್ಲೇ ಮುಂದಕ್ಕೆ ನುಗ್ಗುತ್ತದೆ. ಅದಕ್ಕಾಗಿಯೇ ತೊಟ್ಟಿಯ ತಳವನ್ನು ನದಿ ತಳಕ್ಕಿಂತ ತಗ್ಗಿನಲ್ಲಿ ಇಡುವುದು, ಕೊನೆಯಲ್ಲಿ ಅಡ್ಡ ದಿಂಡು ಕಟ್ಟುವುದು.

ಹಾಗಾದರೆ ತೊಟ್ಟಿಗೆ ಏನೂ ಆಗುವುದೇ ಇಲ್ಲವೇ? ಆಗುತ್ತದೆ. ಮೆಕ್ಸಿಕೋದ ಮಾಲ್ಪಾಸೋ ಅಣೆಕಟ್ಟಿನಲ್ಲಿ 1970ರಲ್ಲಿ ತೊಟ್ಟಿಯ ತಳದ ಕಾಂಕ್ರೀಟ್ ಚಪ್ಪಡಿಗಳು ಎದ್ದುಹೋದವು. ಒಂದೊಂದೂ ಸುಮಾರು 700 ಟನ್ ತೂಕದ್ದು, ಕಬ್ಬಿಣದ ಸರಳುಗಳಿಂದ ಕೆಳಗಿನ ಬಂಡೆಗೆ ಬಿಗಿದದ್ದು. ಆಗ ಹರಿಯುತ್ತಿದ್ದ ನೀರು, ತೊಟ್ಟಿ ತಡೆಯಬೇಕಿದ್ದ ಗರಿಷ್ಠ ಪ್ರಮಾಣಕ್ಕಿಂತ ತೀರಾ ಕಡಿಮೆ. ಕಾರಣ, ಜಂಪ್‌ನ ಕೆಳಗೆ ಒತ್ತಡ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಚಪ್ಪಡಿಗಳ ನಡುವಿನ ಸಂದುಗಳಿಂದ ಆ ಒತ್ತಡ ಅಡಿಗೆ ಇಳಿದು, ಅದೇ ಕ್ಷಣಕ್ಕೆ ಮೇಲಿನ ಒತ್ತಡ ಕುಸಿದರೆ, ಚಪ್ಪಡಿಯನ್ನು ಕೆಳಗಿನಿಂದ ಎತ್ತಿದಂತಾಗುತ್ತದೆ. ಆದ್ದರಿಂದ ಸಂದುಗಳನ್ನು ನೀರು ನುಗ್ಗದಂತೆ ಮುಚ್ಚುವುದು, ಅಡಿಯ ನೀರು ಹೊರಹೋಗಲು ದಾರಿ ಕೊಡುವುದು, ಮಳೆಗಾಲದ ನಂತರ ತೊಟ್ಟಿಯನ್ನು ಪರೀಕ್ಷಿಸುವುದು ಮುಖ್ಯ.

ಇಂಥ ವಿಡಿಯೋ ಬಂದಾಗ ನೊರೆ ಎಲ್ಲಿದೆ ಎಂದು ನೋಡಿ. ಕಾಂಕ್ರೀಟ್ ಗೋಡೆಗಳ ನಡುವೆಯೇ ಕುದಿದು, ಮುಂದೆ ನೀರು ನಿಧಾನವಾಗಿ ಸಾಗುತ್ತಿದ್ದರೆ ತೊಟ್ಟಿ ತನ್ನ ಕೆಲಸ ಮಾಡುತ್ತಿದೆ. ಗೋಡೆಗಳು ಮುಗಿದ ಮೇಲೂ ಅಬ್ಬರ ಮುಂದುವರಿದು, ದಡ ಕುಸಿಯುತ್ತಿದ್ದರೆ ಅದು ಗಮನಿಸಬೇಕಾದ ಸಂಗತಿ. ಆದರೂ ತಳದ ಚಪ್ಪಡಿಗಳ ಸ್ಥಿತಿ ಯಾವ ಮೊಬೈಲ್ ವಿಡಿಯೋದಲ್ಲೂ ಕಾಣುವುದಿಲ್ಲ. ನೀರು ಖಾಲಿ ಮಾಡಿ ಅಥವಾ ಮುಳುಗುಗಾರರನ್ನು ಇಳಿಸಿಯೇ ತಿಳಿಯಬೇಕು.

ಇನ್ನೊಂದು ಮಾತು. ಅಣೆಕಟ್ಟಿಗೆ ರಕ್ಷಣೆಯಾದ ಈ ಸುಳಿ ಮನುಷ್ಯರಿಗೆ ಮೃತ್ಯುಕೂಪ. ಮೇಲ್ಪದರದ ನೀರು ಹಿಂದಕ್ಕೆ ಉರುಳುವುದರಿಂದ ಬಿದ್ದವರನ್ನು ಮತ್ತೆ ಮತ್ತೆ ಬೀಳುವ ನೀರಿನಡಿಗೇ ಎಳೆಯುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ತೇಲುವುದೂ ಕಷ್ಟ, ಈಜು ಬಲ್ಲವರೂ ಪಾರಾಗುವುದು ದುರ್ಲಭ. ಹಳ್ಳಿಯ ಚಿಕ್ಕ ಚೆಕ್ ಡ್ಯಾಂ ಕೆಳಗೂ ಇದೇ ಅಪಾಯವಿದೆ. ಫಾರ್ವರ್ಡ್ ಮಾಡುವುದಿದ್ದರೆ ಈ ಎಚ್ಚರಿಕೆಯನ್ನು ಮಾಡಿ.