ಅಡ್ಡಹೆಸರಿನ ಸ್ವಿಚ್ ಯಾರ ಕೈಲಿದೆ?

ನಮ್ಮಲ್ಲಿ ಯಾವ ಸ್ಕೂಲಿಗೆ ಹೋದರೂ ಹೆಚ್ಚುಕಮ್ಮಿ ಅದೇ ಪಟ್ಟಿ ಸಿಗುತ್ತದೆ. ಕನ್ನಡಕ ಹಾಕಿದವನು ಸೋಡಾಬುಡ್ಡಿ, ದಪ್ಪಗಿರೋನು ಡುಮ್ಮ, ಸಣ್ಣಗಿರೋನು ಕಡ್ಡಿ, ಎತ್ತರ ಕಮ್ಮಿ ಇದ್ದರೆ ಕುಳ್ಳ, ಬಣ್ಣ ಕಪ್ಪಾದರೆ ಕರಿಯ. ಇವುಗಳಲ್ಲಿ ಕೆಲವು ಹೆಸರುಗಳು ಇಂಜಿನಿಯರಿಂಗ್ ಹಾಸ್ಟೆಲ್‌ವರೆಗೂ ಬಂದು, ನಮ್ಮ ಮೊಬೈಲ್‌ಗಳಲ್ಲಿ ಕಾಂಟ್ಯಾಕ್ಟ್ ಹೆಸರಾಗಿ ಸೇವ್ ಆಗಿವೆ. "ಯಾಕ್ರೋ ಹಂಗೆ ಕರೀತೀರ?" ಅಂತ ಕೇಳಿದರೆ ಉತ್ತರ ರೆಡಿ ಇರುತ್ತೆ: "ತಮಾಷೆಗಪ್ಪಾ, ಅವನೇ ಏನೂ ಅನ್ಕೊಳ್ಳಲ್ಲ."

ಈ ಉತ್ತರ ಕೆಲವು ಸಲ ನಿಜ, ಕೆಲವು ಸಲ ಶುದ್ಧ ಸುಳ್ಳು. ಯಾವಾಗ ನಿಜ, ಯಾವಾಗ ಸುಳ್ಳು ಅನ್ನೋದು ಪದ ನೋಡಿದರೆ ಗೊತ್ತಾಗಲ್ಲ. 'ಕುಳ್ಳ' ಅನ್ನೋ ಪದವನ್ನೇ ತಗೊಳ್ಳಿ. ನಟ ದ್ವಾರಕೀಶ್ ಆ ಹೆಸರನ್ನು ತಾವೇ ಪೋಸ್ಟರ್ ಮೇಲೆ ಹಾಕಿಕೊಂಡು 'ಕುಳ್ಳ ಏಜೆಂಟ್ 000', 'ಪ್ರಚಂಡ ಕುಳ್ಳ' ಅಂತ ಸಿನಿಮಾ ಮಾಡಿದರು. ಅದೇ ಪದ ಏಳನೇ ಕ್ಲಾಸಿನ ಒಬ್ಬ ಹುಡುಗನನ್ನು ಪ್ರಾರ್ಥನೆ ಸಾಲಿನಲ್ಲಿ ಮುಂದೆ ನಿಲ್ಲೋಕೇ ಹೆದರೋ ಹಾಗೆ ಮಾಡಬಹುದು. ಪದ ಒಂದೇ. ವ್ಯತ್ಯಾಸ ಏನಂದರೆ ದ್ವಾರಕೀಶ್ ಅವರ ಕೈಲಿ ಆ ಹೆಸರಿನ ಸ್ವಿಚ್ ಇತ್ತು, ಆ ಹುಡುಗನ ಕೈಲಿ ಇಲ್ಲ. ಹಾಗಾಗಿ ನಾವು ಕೇಳಬೇಕಾದ ಪ್ರಶ್ನೆ ಒಂದೇ ಅಂತ ನನ್ನ ವಾದ: ಈ ಹೆಸರು ನಿಲ್ಲಬೇಕು ಅಂತ ಅವನಿಗೆ ಅನಿಸಿದರೆ, ನಿಲ್ಲಿಸೋಕೆ ಅವನಿಂದ ಆಗುತ್ತಾ?

(ಜಾತಿ ಹೆಸರು ಹಿಡಿದು ಕರೆಯೋದಕ್ಕೆ ಈ ಪ್ರಶ್ನೆಯೂ ಬೇಕಿಲ್ಲ. ಅಲ್ಲಿ ಹುಡುಕೋಕೆ ಯಾವ ಗೆರೆಯೂ ಇಲ್ಲ, ಮೊದಲ ಸಲವೇ ತಪ್ಪು.)

ಕನ್ನಡಕ್ಕೆ ಈ ವ್ಯತ್ಯಾಸ ಮೊದಲಿನಿಂದಲೂ ಗೊತ್ತು. 'ಬುಲ್ಲಿಯಿಂಗ್' ಅನ್ನೋದಕ್ಕೆ ಕನ್ನಡದಲ್ಲಿ ಪದ ಇಲ್ಲ ಅಂತಾರೆ. ನನಗೆ ಹಾಗೆ ಅನಿಸಲ್ಲ. 'ಕಾಲೆಳೆಯೋದು' ಅಂದರೆ ಇಬ್ಬರೂ ಆಡೋ ಆಟ, ಇವತ್ತು ನಿನ್ನ ಕಾಲು, ನಾಳೆ ನನ್ನ ಕಾಲು. 'ರೇಗಿಸೋದು' ಅಂದರೆ ಇನ್ನೊಬ್ಬ ರೇಗೋ ಹಾಗೆ ಮಾಡೋದು. ಅವನಿಗೆ ಸಿಟ್ಟು ಬಂದರೇನೇ ಇವರಿಗೆ ಮಜಾ. ಅದರ ಮುಂದಿನದು 'ಗೋಳು ಹೊಯ್ಕೊಳ್ಳೋದು'. ಅಲ್ಲಿ ಒಬ್ಬನ ಗೋಳೇ ಉಳಿದವರ ಮನರಂಜನೆ. ಅಜ್ಜಿಯಂದಿರು "ಪಾಪ, ಆ ಮಗೂನ ಯಾಕ್ರೋ ಗೋಳು ಹೊಯ್ಕೊಳ್ತೀರಿ" ಅಂತ ಬೈಯುವಾಗ ಗೆರೆ ದಾಟಿದೆ ಅಂತಾನೇ ಹೇಳ್ತಿರ್ತಾರೆ.

ಆ ಗೆರೆ ದಾಟೋದು ಹೇಗೆ ಅನ್ನೋದಕ್ಕೆ ನಮ್ಮ ಹೈಸ್ಕೂಲಿನದೇ ಒಂದು ಉದಾಹರಣೆ. ಮಂಡ್ಯ ಕಡೆ ಹಳ್ಳಿಯಿಂದ ಬಂದ ಹುಡುಗನೊಬ್ಬ ಎಂಟನೇ ಕ್ಲಾಸಿಗೆ ಸೇರಿದ. ಕನ್ನಡ ಪೀರಿಯಡ್‌ನಲ್ಲಿ ಪಾಠ ಓದುವಾಗ 'ಹಾಲು' ಅನ್ನೋದನ್ನ 'ಆಲು' ಅಂದ. ಹಿಂದಿನ ಬೆಂಚಿನಿಂದ "ಆಲೂಗಡ್ಡೆ" ಅಂತ ದನಿ ಬಂತು. ಕ್ಲಾಸು ನಕ್ಕಿತು, ಅವನೂ ನಕ್ಕ. ಆ ಹಿಂದಿನ ಬೆಂಚಿನವನಿಗೆ ಇವನೂ ಒಂದು ಹೆಸರಿಟ್ಟ. ಒಂದು ವಾರ ಲೆಕ್ಕ ಸಮ ಇತ್ತು. ಅಲ್ಲಿವರೆಗೆ ಅದು ಕಾಲೆಳೆಯೋದೇ.

ಆಮೇಲೆ ಒಂದು ದಿನ ಮೇಷ್ಟ್ರು "ಏನಪ್ಪಾ ಆಲು, ಮುಂದಿನ ಪ್ಯಾರಾ ಓದು" ಅಂದರು. ಪ್ರೀತಿಯಿಂದಲೇ ಅಂದಿರಬಹುದು. ಆದರೆ ಮೇಷ್ಟ್ರಿಗೆ ವಾಪಸ್ ಹೆಸರಿಡೋಕೆ ಆಗುತ್ತಾ? ಲೆಕ್ಕ ತಪ್ಪಿದ್ದು ಅಲ್ಲೇ. ಮುಂದಿನ ತಿಂಗಳು ಆರನೇ ಕ್ಲಾಸಿನ ಮಕ್ಕಳೂ ಕಾರಿಡಾರ್‌ನಲ್ಲಿ "ಆಲು" ಅಂತ ಕೂಗಿ ಓಡೋಕೆ ಶುರು ಮಾಡಿದರು. ಅವನು ಎರಡು ಸಲ "ಬೇಡ ಕಣ್ರೋ" ಅಂದ. ದನಿ ಇನ್ನೂ ಜೋರಾಯ್ತು, ಯಾಕಂದರೆ ಅವನು ರೇಗ್ತಾನೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ತಪ್ಪಬಾರದು ಅನ್ನೋ ಹೆದರಿಕೇಲಿ 'ಆನೆ'ಯನ್ನ 'ಹಾನೆ' ಅಂದ. ಇನ್ನೊಂದು ಸುತ್ತಿನ ನಗು. ವರ್ಷದ ಕೊನೆಗೆ ಓದೋ ಸರದಿ ಬಂದರೆ "ಗಂಟಲು ನೋವು ಸಾರ್" ಅನ್ನೋದೇ ಅವನ ಉತ್ತರ.

ಇಲ್ಲಿ ಕನ್ನಡ ಸಂಘದವರು ಗಮನಿಸಬೇಕಾದ ಒಂದು ವಿಷಯ ಇದೆ. ಹಳಗನ್ನಡದಲ್ಲಿ ಅದು 'ಪಾಲ್'. ಆಮೇಲೆ ಪಕಾರ ಹಕಾರವಾಗಿ 'ಹಾಲು' ಆಯ್ತು, 'ಪಾವು' 'ಹಾವು' ಆದ ಹಾಗೆ, 'ಪುಲಿ' 'ಹುಲಿ' ಆದ ಹಾಗೆ. ದಕ್ಷಿಣದ ಹಳ್ಳಿಗಳ ಮಾತಿನಲ್ಲಿ ಆ ಹಕಾರವೂ ಬಿದ್ದು 'ಆಲು' ಆಗಿದೆ. ಅಂದರೆ ಆ ಹುಡುಗ ಆಡಿದ್ದು ಅದೇ ದಾರಿಯ ಮುಂದಿನ ಹೆಜ್ಜೆ. ಪುಸ್ತಕ ಓದುವಾಗ 'ಹಾಲು' ಅಂತ ಓದೋದನ್ನ ಕಲಿಸಬೇಕು, ಸರಿ. ಆದರೆ ಅವನ ಮನೆಮಾತಿನಲ್ಲಿ ನಗೋಕೆ ಏನಿತ್ತು? "ಹೌದ್ರೀ", "ಏನ್ರೀ" ಅಂತ ಕಲಬುರಗಿ, ವಿಜಯಪುರದವರನ್ನ ಹಾಸ್ಟೆಲ್‌ನಲ್ಲಿ ಅಣಕಿಸೋದೂ ಇದೇ ಜಾತಿಯ ನಗು.

ಬುಲ್ಲಿಯಿಂಗ್ ಬಗ್ಗೆ 1970ರ ದಶಕದಿಂದ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಮೂರು ಲಕ್ಷಣ ಹೇಳ್ತಾರೆ: ನೋಯಿಸೋ ಉದ್ದೇಶ, ಮತ್ತೆ ಮತ್ತೆ ನಡೆಯೋದು, ಇಬ್ಬರ ನಡುವೆ ಬಲದ ಅಸಮತೋಲನ. ಆ ಹುಡುಗನ ವಿಷಯದಲ್ಲಿ ಎರಡನೆಯದೂ ಮೂರನೆಯದೂ ಕಣ್ಣಿಗೆ ಕಾಣುತ್ತವೆ. ಒಬ್ಬನ ಎದುರು ಇಡೀ ಸ್ಕೂಲು, ದಿನಾ. ಜಾರಿಕೊಳ್ಳೋದು ಮೊದಲನೆಯದು. ಆರನೇ ಕ್ಲಾಸಿನ ಮಗುವಿನಿಂದ ಮೇಷ್ಟ್ರವರೆಗೆ ಯಾರನ್ನ ಕೇಳಿದರೂ "ನೋಯಿಸಬೇಕು ಅಂತ ಇರಲಿಲ್ಲ" ಅಂತಾರೆ, ಅದು ನಿಜವೂ ಇರಬಹುದು. ನಲವತ್ತು ಜನ ತಲಾ ಒಂದೊಂದು ಸಲ ತಮಾಷೆ ಮಾಡಿದರೆ ಪ್ರತಿಯೊಬ್ಬನ ಲೆಕ್ಕದಲ್ಲಿ ಅದು ಒಂದೇ, ಕೇಳಿಸಿಕೊಂಡವನ ಲೆಕ್ಕದಲ್ಲಿ ನಲವತ್ತು. ಅದಕ್ಕೇ ಅಡ್ಡಹೆಸರಿನ ವಿಷಯದಲ್ಲಿ ಉದ್ದೇಶವನ್ನ ಅಳತೆಗೋಲು ಮಾಡಿಕೊಂಡರೆ ಯಾರೂ ಸಿಕ್ಕಿಬೀಳಲ್ಲ.

ಯುಜಿಸಿಯ 2009ರ ರ‍್ಯಾಗಿಂಗ್ ತಡೆ ನಿಯಮಗಳೂ ಪರಿಣಾಮವನ್ನ ನೋಡುತ್ತವೆ. ಮಾತಿನಿಂದಾಗಲಿ, ಬರಹದಿಂದಾಗಲಿ ಯಾವುದೇ ವಿದ್ಯಾರ್ಥಿಯನ್ನು ಕೀಟಲೆಗೆ ಗುರಿಮಾಡೋ ಪರಿಣಾಮ ಇರೋ ನಡವಳಿಕೆ ಅದರ ವ್ಯಾಪ್ತಿಗೆ ಬರುತ್ತದೆ, ಸೀನಿಯರ್-ಜೂನಿಯರ್ ಅಂತಲೇ ಇರಬೇಕಿಲ್ಲ. 2016ರ ತಿದ್ದುಪಡಿಯಲ್ಲಿ ಬಣ್ಣ, ರೂಪ, ಜಾತಿ, ಹುಟ್ಟಿದ ಊರು, ಭಾಷೆ ಹಿಡಿದು ಕಾಡೋದನ್ನ ಬಿಡಿಸಿ ಹೇಳಿದ್ದಾರೆ. ಸೋಡಾಬುಡ್ಡಿ, ಕರಿಯ, ಆಲು, ಮೂರೂ ಆ ಪಟ್ಟಿಯೊಳಗೇ ಬರಬಹುದು.

"ಹಾಗಾದ್ರೆ ಫ್ರೆಂಡ್ಸ್ ನಡುವೆ ಹೆಸರೇ ಇಡಬಾರದಾ?" ಇಡಿ. ಮಾಮೂಲಿ ಹೆಸರಲ್ಲಿ ಕರೆದರೆ ಸಿಟ್ಟಾಗಿದ್ದಾನೆ ಅಂತಲೇ ಅರ್ಥ ಆಗೋ ಗೆಳೆತನಗಳೂ ಇವೆ. ಆದರೆ "ಅವನೂ ನಗ್ತಾನಲ್ಲ" ಅನ್ನೋದನ್ನ ಸಾಕ್ಷಿ ಮಾಡ್ಕೋಬೇಡಿ. ನಲವತ್ತು ಜನ ನಗುವಾಗ ಒಬ್ಬನೇ ಅಳೋದಕ್ಕಿಂತ ಜೊತೆಗೆ ನಕ್ಕುಬಿಡೋದು ಸುಲಭ. ಬೇರೆ ಗುರುತುಗಳನ್ನ ನೋಡಿ. ಅವನು ವಾಪಸ್ ಅಂತಾನಾ, ಅಂದರೆ ನೀವು ತಡ್ಕೊಳ್ತೀರಾ? ಅವನ ಅಪ್ಪ ಅಮ್ಮ ಹಾಸ್ಟೆಲ್‌ಗೆ ಬಂದಾಗ ಅವರೆದುರು ಅದೇ ಹೆಸರು ಕೂಗ್ತೀರಾ? ಅವನು ತನ್ನನ್ನ ತಾನು ಆ ಹೆಸರಲ್ಲಿ ಹೇಳ್ಕೊಳ್ತಾನಾ? ಆ ಹೆಸರು ಬರೋ ಜಾಗದಿಂದ, ಗ್ರೂಪಿಂದ, ಸೆಮಿನಾರಿಂದ ಅವನು ಮೆಲ್ಲಗೆ ಜಾರ್ಕೊಳ್ತಿದ್ದಾನಾ?

ಇನ್ನು ಸ್ವಿಚ್ ಅವನ ಕೈಗೆ ಬರಬೇಕಾದರೆ ಅವನ "ಬೇಡ"ಕ್ಕೆ ಬೆಲೆ ಬರಬೇಕು. ಒಬ್ಬನೇ ಅಂದರೆ ಅದು ರೇಗಿಸೋರಿಗೆ ಇನ್ನೊಂದು ಮಜಾ, ಪಕ್ಕದವನೂ "ಸಾಕು ಬಿಡ್ರೋ" ಅಂದರೆ ಮಜಾ ಇಳಿಯುತ್ತೆ. ಭಾಷಣ ಏನೂ ಬೇಕಿಲ್ಲ. ಎಲ್ಲರೂ ಅಡ್ಡಹೆಸರು ಕೂಗುವಾಗ ಒಬ್ಬ ಅವನ ನಿಜವಾದ ಹೆಸರು ಹಿಡಿದು "ಬಾರೋ, ಊಟಕ್ಕೆ ಹೋಗೋಣ" ಅಂದರೆ ಶುರುವಿಗೆ ಅಷ್ಟು ಸಾಕು.